ದಾಖಲೆ ಅಪ್‌ಲೋಡ್ ಆಗಲಿಲ್ಲ, ಕಾರಣವನ್ನೂ ಹೇಳಲಿಲ್ಲ: ಮತ್ತೆ ಕಳಿಸುವ ಮೊದಲು ಏನೇನು ನೋಡಬೇಕು

ಫೈಲ್ ಆರಿಸಿದಿರಿ, ಬಟನ್ ಒತ್ತಿದಿರಿ. ಚಕ್ರ ಸ್ವಲ್ಪ ಹೊತ್ತು ಸುತ್ತಿ ನಿಂತಿತು. ಕೆಂಪು ಅಕ್ಷರದಲ್ಲಿ ತಪ್ಪು ತೋರಿಸಲಿಲ್ಲ, ಹಸಿರು ಗುರುತೂ ಬರಲಿಲ್ಲ. ಹೋಯಿತೋ ಇಲ್ಲವೋ ಗೊತ್ತಿಲ್ಲ. ಇಂಥ ಹೊತ್ತಲ್ಲಿ ಎಲ್ಲರೂ ಮಾಡುವುದು ಒಂದೇ, ಅದೇ ಫೈಲನ್ನು ಇನ್ನೊಂದು ಸಲ ಹಾಕುವುದು. ಅದು ಮತ್ತೆ ಹಾಗೇ ಆಗುತ್ತದೆ, ಯಾಕೆಂದರೆ ಫೈಲ್ ಬದಲಾಗಿಲ್ಲ, ಅದನ್ನು ತಡೆದ ಕಾರಣವೂ ಬದಲಾಗಿಲ್ಲ.

ಸದ್ದಿಲ್ಲದೆ ಯಾಕೆ ಬಿದ್ದುಹೋಗುತ್ತದೆ ಅನ್ನುವುದು ಒಮ್ಮೆ ತಿಳಿದರೆ ಉಳಿದದ್ದೆಲ್ಲ ಸುಲಭ. ನಿಮ್ಮ ಫೈಲ್ ಮೂರು ಕಡೆ ತಪಾಸಣೆ ದಾಟಬೇಕು. ಮೊದಲನೆಯದು ನಿಮ್ಮ ಬ್ರೌಸರಿನಲ್ಲಿ ತೆರೆದಿರುವ ಪುಟ. ಎರಡನೆಯದು ಸರ್ವರಿನ ಬಾಗಿಲು. ಮೂರನೆಯದು ಒಳಗೆ ಕೂತು ಫೈಲ್ ತೆಗೆದುಕೊಳ್ಳುವ ಪ್ರೋಗ್ರಾಮ್. "ನಿಮ್ಮ ಫೈಲ್ ದೊಡ್ಡದಾಗಿದೆ" ಅಂತ ಚಂದವಾಗಿ ಹೇಳುವ ಸಂದೇಶವನ್ನು ಸಾಮಾನ್ಯವಾಗಿ ಬರೆದಿರುವುದು ಮೊದಲನೆಯವರು ಅಥವಾ ಮೂರನೆಯವರು. ನಡುವಿನ ಬಾಗಿಲಲ್ಲೇ ಫೈಲ್ ನಿಂತುಬಿಟ್ಟರೆ ಒಳಗಿನ ಪ್ರೋಗ್ರಾಮಿಗೆ ಅಂಥದ್ದೊಂದು ಬಂದಿತ್ತು ಅನ್ನುವುದೇ ಗೊತ್ತಾಗುವುದಿಲ್ಲ. ಬಾಗಿಲು ವಾಪಸ್ ಕೊಟ್ಟ ಉತ್ತರವನ್ನು ಪುಟ ಓದಿ ಹೇಳಬೇಕು. ಹಾಗೆ ಓದುವ ಕೋಡನ್ನು ಯಾರೂ ಬರೆದಿರದಿದ್ದರೆ ಮೌನ, ಅಷ್ಟೇ.

ಶುರು ಮಾಡುವ ಮೊದಲು ಒಂದು ಮಾತು. ಮೂಲ ಫೈಲನ್ನು ಮುಟ್ಟಬೇಡಿ. ಅದರ ಒಂದು ನಕಲು ಮಾಡಿಕೊಂಡು, ಕೆಳಗಿನ ಎಲ್ಲ ಪ್ರಯೋಗವನ್ನೂ ನಕಲಿನ ಮೇಲೇ ಮಾಡಿ. ಅದೇ ಫಾರ್ಮಿನಲ್ಲಿ ಹಣ ಕಟ್ಟುವ ಹಂತ ಇದ್ದರೆ, ಅಪ್‌ಲೋಡ್ ಆಯಿತೋ ಇಲ್ಲವೋ ಖಚಿತವಾಗುವ ತನಕ ಆ ಬಟನ್ ಒತ್ತಬೇಡಿ.

## ಬಟನ್ ಒತ್ತಿದೊಡನೆ ಫಾರ್ಮ್ ಖಾಲಿಯಾಗಿ ವಾಪಸ್ ಬರುತ್ತದೆ

ಇದೇ ಅತಿ ಹೆಚ್ಚು ಕಾಣುವ ಲಕ್ಷಣ. ಇಲ್ಲಿ ಒಂದು ಸಣ್ಣ ವಿಷಯ ಗಮನಿಸಿ. ನೀವು ಕೈಯಾರೆ ಟೈಪ್ ಮಾಡಿದ ಹೆಸರು, ದಿನಾಂಕ ಎಲ್ಲ ಹಾಗೇ ಉಳಿದು ಫೈಲ್ ಮಾತ್ರ ಮಾಯವಾಗಿದೆಯಾ? ಅಥವಾ ಟೈಪ್ ಮಾಡಿದ್ದೂ ಫೈಲಿನ ಜೊತೆಗೇ ಅಳಿಸಿಹೋಗಿದೆಯಾ?

ಫೈಲ್ ಮಾತ್ರ ಹೋಗಿದ್ದರೆ, ಹೆಚ್ಚಾಗಿ ಒಳಗಿನ ಪ್ರೋಗ್ರಾಮ್ ಆ ಒಂದು ಫೈಲನ್ನು ಬೇಡ ಅಂದಿದೆ. ಎಲ್ಲವೂ ಹೋಗಿದ್ದರೆ ಇಡೀ ಫಾರ್ಮೇ ಅಲ್ಲಿ ತಲುಪಿಲ್ಲ ಅಂತ ಅನುಮಾನಿಸಬಹುದು. ಅದಕ್ಕೆ ಎರಡು ಮುಖ್ಯ ಕಾರಣ. ಒಂದು, ನೀವು ಪುಟ ತೆರೆದಿಟ್ಟು ಸ್ಕ್ಯಾನ್ ಮಾಡಲು ಹೋಗಿ ಬರುವಷ್ಟರಲ್ಲಿ ಲಾಗಿನ್ ಅವಧಿ ಮುಗಿದಿದೆ. ಇದನ್ನು ನೋಡುವುದು ಸುಲಭ. ಅದೇ ಸೈಟಿನ ಬೇರೆ ಪುಟ ತೆರೆಯಿರಿ. ಮತ್ತೆ ಲಾಗಿನ್ ಕೇಳಿದರೆ ಕಾರಣ ಸಿಕ್ಕಿತು, ಒಳಗೆ ಹೋಗಿ ಹೊಸದಾಗಿ ಹಾಕಿ.

ಇನ್ನೊಂದು ಕಾರಣ ಒಟ್ಟು ತೂಕ. ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಪುಟದ ಮೇಲೆ ಇದನ್ನು ಬರೆದಿರುವುದೇ ಕಡಿಮೆ. ಪಿಎಚ್‌ಪಿ ಭಾಷೆಯಲ್ಲಿ ಮಾಡಿದ ಸೈಟುಗಳನ್ನೇ ತೆಗೆದುಕೊಳ್ಳಿ. ಅದರಲ್ಲಿ ಎರಡು ಬೇರೆ ಬೇರೆ ಮಿತಿಗಳಿವೆ. ಒಂದೊಂದು ಫೈಲಿಗೆ `upload_max_filesize`, ಇಡೀ ಫಾರ್ಮಿಗೆ `post_max_size`. ಯಾರೂ ಬದಲಿಸದೆ ಬಿಟ್ಟರೆ ಮೊದಲನೆಯದು 2 ಎಂಬಿ, ಎರಡನೆಯದು 8 ಎಂಬಿ. ಈಗ ಐದು ದಾಖಲೆ ಕೇಳುವ ಫಾರ್ಮ್ ಇದೆ ಅಂದುಕೊಳ್ಳಿ. ಪ್ರತಿ ಫೈಲೂ 1.8 ಎಂಬಿ. ಒಂದೊಂದೂ ಮಿತಿಯ ಒಳಗೇ ಇದೆ. ಆದರೆ ಐದೂ ಸೇರಿದರೆ 9 ಎಂಬಿ. ಫಾರ್ಮಿನ ಒಟ್ಟು ಮಿತಿ ದಾಟಿತು. ಆಗ ಪಿಎಚ್‌ಪಿ ಒಳಗಿನ ಪ್ರೋಗ್ರಾಮಿಗೆ ಖಾಲಿ ಫಾರ್ಮನ್ನೇ ಕೊಡುತ್ತದೆ. ಫೈಲೂ ಇಲ್ಲ, ನೀವು ಬರೆದ ಹೆಸರೂ ಇಲ್ಲ. ಪ್ರೋಗ್ರಾಮಿಗೆ ಅದು ಯಾರೋ ಈಗಷ್ಟೇ ಪುಟ ತೆರೆದ ಹಾಗೆ ಕಾಣುತ್ತದೆ, ಅದು ಖಾಲಿ ಫಾರ್ಮ್ ತೋರಿಸುತ್ತದೆ. ಅದಕ್ಕೇ ತಪ್ಪಿನ ಸಂದೇಶ ಇಲ್ಲ.

ಬಾಗಿಲಲ್ಲಿ ಎನ್‌ಜಿನ್‌ಎಕ್ಸ್ ಸರ್ವರ್ ಇದ್ದರೆ ಅದರದ್ದೂ ಒಂದು ಮಿತಿ ಇರುತ್ತದೆ, ಬದಲಿಸದಿದ್ದರೆ ಬರೀ 1 ಎಂಬಿ. ಪುಟದ ಮೇಲೆ 2 ಎಂಬಿ ಅಂತ ಬರೆದವರು ಬಾಗಿಲಿನ ಮಿತಿ ಹೆಚ್ಚಿಸಲು ಮರೆತಿದ್ದರೆ, 1.3 ಎಂಬಿ ಫೈಲ್ ನಿಯಮದ ಪ್ರಕಾರ ಸರಿಯಿದ್ದೂ ಒಳಗೆ ಹೋಗುವುದಿಲ್ಲ.

ಹಾಗಾಗಿ ಎಲ್ಲ ಸೇರಿಸಿ ಹಾಕಿ ಸೋತಿದ್ದರೆ, ಸೈಟ್ ಅವಕಾಶ ಕೊಟ್ಟರೆ ಒಂದೊಂದಾಗಿ ಹಾಕಿ ಉಳಿಸಿ ನೋಡಿ. ಇಲ್ಲವೇ 200 ಕೆಬಿ ಒಳಗಿನ ಒಂದು ಪುಟ್ಟ ಪಿಡಿಎಫ್ ಹಾಕಿ ನೋಡಿ, ಆದರೆ ಕೊನೆಯ ಸಲ್ಲಿಕೆ ಬಟನ್ ಒತ್ತಬೇಡಿ. ಪುಟ್ಟದ್ದು ಸಲೀಸಾಗಿ ಕೂತರೆ ಸಮಸ್ಯೆ ಗಾತ್ರದ್ದು ಅಥವಾ ನಿಮ್ಮ ಫೈಲಿನದ್ದು. ಪುಟ್ಟದ್ದೂ ಕೂರದಿದ್ದರೆ ನಿಮ್ಮ ಫೈಲನ್ನು ಬೈದು ಪ್ರಯೋಜನ ಇಲ್ಲ, ತೊಂದರೆ ಪುಟದಲ್ಲೋ ನೆಟ್‌ವರ್ಕಿನಲ್ಲೋ ಇದೆ. ಈ ಒಂದು ಪರೀಕ್ಷೆ ಎರಡು ನಿಮಿಷದ್ದು, ಅರ್ಧ ದಿನ ಉಳಿಸುತ್ತದೆ.

## "ಮಿತಿ 2 ಎಂಬಿ, ನನ್ನದು 1.98 ಎಂಬಿ, ಆದ್ರೂ ಹೋಗ್ತಿಲ್ಲ"

ಇದು ಅಕ್ಕನ ಮಗಳು ನನಗೆ ಫೋನಿನಲ್ಲಿ ಹೇಳಿದ ಮಾತು. ನಾಲ್ಕು ಪುಟದ ಅಂಕಪಟ್ಟಿಗಳನ್ನು ಸ್ಕ್ಯಾನ್ ಮಾಡಿ ಒಂದೇ ಪಿಡಿಎಫ್ ಮಾಡಿದ್ದಳು. ಒಂದು ಅರ್ಜಿಗೆ ಹಾಕಬೇಕಿತ್ತು.

"ಮಾಮ, ಮೂರು ಸಲ ಹಾಕಿದೆ. ಏನೂ ಹೇಳ್ತಾನೇ ಇಲ್ಲ, ಸುಮ್ನೆ ಹಳೇ ಪುಟಕ್ಕೇ ಬರುತ್ತೆ."

"ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ Properties ತೆಗಿ. Size ಅಂತ ಇರೋ ಸಾಲನ್ನ ಪೂರ್ತಿ ಓದಮ್ಮ, ಬ್ರಾಕೆಟ್ ಒಳಗಿನದ್ದೂ ಸೇರಿಸಿ."

"1.98 MB. ಆಮೇಲೆ 20,76,180 bytes."

ಕಾರಣ ಅಲ್ಲೇ ಸಿಕ್ಕಿತು. ವಿಂಡೋಸ್ ಒಂದು ಎಂಬಿ ಅಂದಾಗ 10,48,576 ಬೈಟ್ ಅಂತ ಲೆಕ್ಕ ಹಾಕುತ್ತದೆ. ಅಂದರೆ ಅದರ ಲೆಕ್ಕದಲ್ಲಿ 2 ಎಂಬಿ ಅಂದರೆ 20,97,152 ಬೈಟ್, ಅವಳ ಫೈಲ್ ಅದಕ್ಕಿಂತ ಕಡಿಮೆ. ಆದರೆ ಎಷ್ಟೋ ಸೈಟುಗಳು ಒಂದು ಎಂಬಿ ಅಂದರೆ ನೇರವಾಗಿ 10 ಲಕ್ಷ ಬೈಟ್ ಅಂತ ಹಿಡಿಯುತ್ತವೆ. ಮ್ಯಾಕ್ ಕಂಪ್ಯೂಟರುಗಳೂ ಗಾತ್ರವನ್ನು ಹೀಗೇ ತೋರಿಸುತ್ತವೆ. ಆ ಲೆಕ್ಕದಲ್ಲಿ ಮಿತಿ 20,00,000 ಬೈಟ್, ಅವಳ ಫೈಲ್ 76,180 ಬೈಟ್ ಜಾಸ್ತಿ. ಇಬ್ಬರೂ ಎಂಬಿ ಅಂತಲೇ ಕರೆಯುತ್ತಾರೆ, ಲೆಕ್ಕ ಮಾತ್ರ ಬೇರೆ. ಆದ್ದರಿಂದ ಎಂಬಿ ನೋಡಬೇಡಿ, ಬೈಟ್ ನೋಡಿ. ಅದರ ಕೆಳಗೇ Size on disk ಅಂತ ಇನ್ನೊಂದು ಸಂಖ್ಯೆ ಇರುತ್ತದೆ. ಅದು ಡಿಸ್ಕಿನಲ್ಲಿ ಹಿಡಿದ ಜಾಗ, ಅಪ್‌ಲೋಡಿಗೂ ಅದಕ್ಕೂ ಸಂಬಂಧ ಇಲ್ಲ.

ಇನ್ನೂ ಒಂದು ತೊಡಕಿದೆ. ಕೆಲವು ಪುಟಗಳು ಫೈಲನ್ನು ಹಾಗೇ ಕಳಿಸದೆ ಬೇಸ್64 ಅನ್ನುವ ಪಠ್ಯ ರೂಪಕ್ಕೆ ತಿರುಗಿಸಿ ಕಳಿಸುತ್ತವೆ. ಆಗ ಪ್ರತಿ 3 ಬೈಟಿಗೆ 4 ಅಕ್ಷರ ಆಗುತ್ತದೆ, ಅಂದರೆ ಗಾತ್ರ ಮೂರನೇ ಒಂದು ಭಾಗದಷ್ಟು ಉಬ್ಬುತ್ತದೆ. 16 ಲಕ್ಷ ಬೈಟಿನ ಫೈಲ್ ಬಾಗಿಲಿಗೆ ಬರುವಾಗ ಸುಮಾರು 21 ಲಕ್ಷ ಆಗಿರುತ್ತದೆ. ಹೊರಗಿನಿಂದ ಇದನ್ನು ಕಂಡುಹಿಡಿಯುವುದು ಕಷ್ಟ. ನಾನು ಪಾಲಿಸುವ ಲೆಕ್ಕ ಸರಳ. ಹೇಳಿದ ಮಿತಿಯ ಶೇಕಡಾ 70ರ ಒಳಗೆ ಇಟ್ಟುಕೊಳ್ಳುತ್ತೇನೆ. 2 ಎಂಬಿ ಅಂದರೆ 14 ಲಕ್ಷ ಬೈಟ್. ಆಗ ಯಾರ ಲೆಕ್ಕ ಹೇಗಿದ್ದರೂ ತಲೆನೋವಿಲ್ಲ.

ಗಾತ್ರ ಇಳಿಸುವುದು ಹೇಗೆ? ಸ್ಕ್ಯಾನ್ ಮಾಡಿದ ದಾಖಲೆಯಾದರೆ ಇನ್ನೊಮ್ಮೆ ಸ್ಕ್ಯಾನ್ ಮಾಡುವುದೇ ಒಳ್ಳೆಯದು, ಅಕ್ಷರ ಮಸುಕಾಗುವುದಿಲ್ಲ. ಎ4 ಹಾಳೆಯನ್ನು 300 ಡಿಪಿಐನಲ್ಲಿ ಹಿಡಿದರೆ 2480 × 3508 ಚುಕ್ಕೆ, ಅಂದರೆ ಸುಮಾರು 87 ಲಕ್ಷ. 200 ಡಿಪಿಐಗೆ ಇಳಿಸಿದರೆ ಚುಕ್ಕೆಗಳು ಅರ್ಧಕ್ಕಿಂತ ಕಡಿಮೆಯಾಗುತ್ತವೆ, ಓದಲು ಏನೂ ತೊಂದರೆ ಇಲ್ಲ. ಬಣ್ಣ ಬೇಕೇಬೇಕು ಅಂತ ನಿಯಮ ಇಲ್ಲದಿದ್ದರೆ ಗ್ರೇಸ್ಕೇಲ್ ಆರಿಸಿ, ಇನ್ನಷ್ಟು ಇಳಿಯುತ್ತದೆ. ಅವಳು ಹಾಗೇ ಮಾಡಿದಳು. ಹೊಸ ಫೈಲ್ 7,12,340 ಬೈಟ್ ಬಂತು.

ಮತ್ತೆ ಸ್ಕ್ಯಾನ್ ಮಾಡಲು ಆಗದಿದ್ದರೆ, ಘೋಸ್ಟ್‌ಸ್ಕ್ರಿಪ್ಟ್ ಅನ್ನುವ ಉಚಿತ ಪ್ರೋಗ್ರಾಮ್ ನಿಮ್ಮ ಕಂಪ್ಯೂಟರಿನಲ್ಲೇ ಈ ಕೆಲಸ ಮಾಡುತ್ತದೆ. ಮ್ಯಾಕ್, ಲಿನಕ್ಸ್‌ಗಳಲ್ಲಿ ಟರ್ಮಿನಲ್ ಕಿಟಕಿಯಲ್ಲಿ ಟೈಪ್ ಮಾಡುವ ಆಜ್ಞೆ ಹೀಗೆ, `scan.pdf` ಇರುವಲ್ಲಿ ನಿಮ್ಮ ಫೈಲಿನ ಹೆಸರು ಬರೆಯಿರಿ:

```
gs -sDEVICE=pdfwrite -dPDFSETTINGS=/ebook -o small.pdf scan.pdf
```

ಇದು ಒಳಗಿನ ಚಿತ್ರಗಳನ್ನು 150 ಡಿಪಿಐ ಆಸುಪಾಸಿಗೆ ಇಳಿಸಿ `small.pdf` ಅಂತ ಹೊಸ ಫೈಲ್ ಮಾಡುತ್ತದೆ, ಹಳೆಯದನ್ನು ಮುಟ್ಟುವುದಿಲ್ಲ. ಆದರೆ ಡಿಜಿಟಲ್ ಸಹಿ ಇರುವ ಪಿಡಿಎಫ್ ಮೇಲೆ ಇದನ್ನು ಓಡಿಸಲೇಬೇಡಿ. ಕುಗ್ಗಿಸಿದರೂ, ಪಿಡಿಎಫ್ ಆಗಿ ಮರುಪ್ರಿಂಟ್ ಮಾಡಿದರೂ ಸಹಿ ಸಿಂಧುವಾಗಿ ಉಳಿಯುವುದಿಲ್ಲ. ಫೈಲ್ ಹೋಗುತ್ತದೆ, ದಾಖಲೆ ತಿರಸ್ಕೃತವಾಗುತ್ತದೆ. ಇನ್ನು, ಗುರುತಿನ ಚೀಟಿ, ಬ್ಯಾಂಕ್ ಕಾಗದ, ವೈದ್ಯಕೀಯ ವರದಿಗಳನ್ನು ಯಾವುದೋ ಉಚಿತ ಕುಗ್ಗಿಸುವ ವೆಬ್‌ಸೈಟಿಗೆ ಹಾಕಬೇಡಿ. ಅಲ್ಲಿ ನಿಮ್ಮ ದಾಖಲೆಯ ಪ್ರತಿ ಎಷ್ಟು ದಿನ ಉಳಿಯುತ್ತದೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ.

## ಫೈಲ್ ಸರಿ ಮಾಡಿದ ಮೇಲೂ ಬಟನ್ ಕೆಲಸ ಮಾಡುತ್ತಿಲ್ಲ

ಅಕ್ಕನ ಮಗಳ ಕಥೆ ಇಲ್ಲಿಗೆ ಮುಗಿಯಲಿಲ್ಲ. ಪುಟವನ್ನು ಹಾಗೇ ತೆರೆದಿಟ್ಟು, ಹೊಸ ಸ್ಕ್ಯಾನನ್ನು ಹಳೆಯ ಹೆಸರಿನಲ್ಲೇ ಅದೇ ಫೋಲ್ಡರಿಗೆ ಹಾಕಿ ಬಟನ್ ಒತ್ತಿದಳು. ಮತ್ತೆ ಮೌನ.

ನೀವು ಫೈಲ್ ಆರಿಸಿದ ಹೊತ್ತಿಗೆ ಅದು ಹೇಗಿತ್ತು ಅನ್ನುವುದನ್ನು ಬ್ರೌಸರ್ ನೆನಪಿಟ್ಟುಕೊಂಡಿರುತ್ತದೆ. ಆಮೇಲೆ ಅದೇ ಹೆಸರಿನ ಫೈಲ್ ಬದಲಾದರೆ ಕ್ರೋಮ್ ಅದನ್ನು ಕಳಿಸಲು ಒಪ್ಪುವುದಿಲ್ಲ. ಒಳಗೊಳಗೆ `ERR_UPLOAD_FILE_CHANGED` ಅಂತ ದಾಖಲಿಸಿ ನಿಲ್ಲಿಸುತ್ತದೆ, ಪುಟ ಅದನ್ನು ತೋರಿಸದೇ ಇರಬಹುದು. ಸರಿ, ಅದೇ ಫೈಲನ್ನು ಮತ್ತೆ ಆರಿಸೋಣ ಅಂದರೆ ಅಲ್ಲೂ ಒಂದು ತೊಡಕು. ಅದೇ ಹೆಸರಿನ ಅದೇ ಫೈಲನ್ನು ಎರಡನೇ ಸಲ ಆರಿಸಿದರೆ ಕೆಲವೊಮ್ಮೆ ಬ್ರೌಸರ್ "ಏನೂ ಬದಲಾಗಿಲ್ಲ" ಅಂತ ತಿಳಿದು ಪುಟಕ್ಕೆ ಸುದ್ದಿಯನ್ನೇ ಕೊಡುವುದಿಲ್ಲ. ಆರಿಸಿದರೂ ಏನೂ ಆಗದ ಹಾಗೆ ಕಾಣುತ್ತದೆ.

ಪರಿಹಾರ ಏನೂ ದೊಡ್ಡದಲ್ಲ. ಫೈಲಿಗೆ ಹೊಸ ಹೆಸರಿಡಿ, ಪುಟವನ್ನು ಹೊಸದಾಗಿ ತೆರೆಯಿರಿ, ಆಮೇಲೆ ಆರಿಸಿ. ಹೆಸರಿಡುವಾಗ ಇಂಗ್ಲಿಷ್ ಅಕ್ಷರ, ಅಂಕಿ, ನಡುವೆ ಒಂದು ಅಡ್ಡಗೆರೆ, ಅಷ್ಟೇ ಇರಲಿ. `marks-2.pdf` ಸಾಕು. ಕನ್ನಡದಲ್ಲಿ ಹೆಸರಿಡುವುದು ತಪ್ಪಲ್ಲ, ನನ್ನ ಕಂಪ್ಯೂಟರಿನಲ್ಲಿ ಎಲ್ಲ ಕನ್ನಡದಲ್ಲೇ ಇದೆ. ಆದರೆ ಒಂದೊಂದು ಕನ್ನಡ ಅಕ್ಷರ ಚಿಹ್ನೆಗೂ 3 ಬೈಟ್ ಬೇಕು, ಹಳೆಯ ಸರ್ವರುಗಳು ಅಂಥ ಹೆಸರು ಕಂಡರೆ ಎಡವುತ್ತವೆ. ಕಳಿಸುವ ನಕಲಿಗೆ ಮಾತ್ರ ಸರಳ ಹೆಸರು ಕೊಡಿ.

ಹೊಸ ಹೆಸರಿಟ್ಟು ಹಾಕಿದಾಗ ಅವಳ ಫೈಲ್ ಒಂದೇ ಸಲಕ್ಕೆ ಹೋಯಿತು.

## ಹೆಸರು ಒಂದು ಕ್ಷಣ ಕಾಣಿಸಿ ಮಾಯವಾಗುತ್ತದೆ, ಅಥವಾ ಆರಿಸಲು ಹೋದರೆ ಫೈಲೇ ಮಸುಕಾಗಿದೆ

ಇದು ಫಾರ್ಮ್ಯಾಟಿನ ತೊಂದರೆ ಅನ್ನುವುದರ ಗುರುತು. ಆರಿಸುವ ಕಿಟಕಿಯಲ್ಲಿ ಫೈಲ್ ಮಸುಕಾಗಿದ್ದರೆ ಅಥವಾ ಕಾಣಿಸದೇ ಇದ್ದರೆ, ಪುಟ ಇಂತಿಂಥ ಬಗೆಯ ಫೈಲ್ ಮಾತ್ರ ತೋರಿಸು ಅಂತ ಹೇಳಿದೆ ಎಂದರ್ಥ. ಕೆಲವರು ಇಲ್ಲಿ ಫೈಲಿನ ಹೆಸರಿನ ಕೊನೆ ತಿದ್ದಿ `.jpg` ಅನ್ನು `.pdf` ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಡಬ್ಬಿಯ ಮೇಲಿನ ಚೀಟಿ ಬದಲಿಸಿದರೆ ಒಳಗಿನ ವಸ್ತು ಬದಲಾಗುವುದಿಲ್ಲ ಅಲ್ವಾ. ಬ್ರೌಸರ್ ಸಾಮಾನ್ಯವಾಗಿ ಹೆಸರಿನ ಕೊನೆ ನೋಡಿಯೇ ಬಗೆ ತೀರ್ಮಾನಿಸುವುದರಿಂದ ಮೊದಲ ತಪಾಸಣೆ ದಾಟುತ್ತದೆ. ಒಳಗಿನ ಪ್ರೋಗ್ರಾಮ್ ಫೈಲಿನ ಮೊದಲ ಕೆಲವು ಬೈಟ್ ಓದಿದಾಗ ಸಿಕ್ಕಿಬೀಳುತ್ತದೆ. ಮೊದಲೇ ತಡೆದಿದ್ದರೆ ಕಾರಣವಾದರೂ ಗೊತ್ತಾಗುತ್ತಿತ್ತು, ಈಗ ಅದೂ ಇಲ್ಲ.

ಮೊದಲು ಹೆಸರಿನ ಕೊನೆ ನಿಜಕ್ಕೂ ಏನಿದೆ ನೋಡಿ. ವಿಂಡೋಸ್ ಅದನ್ನು ಮುಚ್ಚಿಡುತ್ತದೆ. ಫೋಲ್ಡರಿನ View ಮೆನುವಿನಲ್ಲಿ File name extensions ಅನ್ನುವುದಕ್ಕೆ ಗುರುತು ಹಾಕಿದರೆ ಪೂರ್ತಿ ಹೆಸರು ಕಾಣುತ್ತದೆ. `scan.pdf.jpg`, `scan.pdf.pdf` ತರಹದ್ದು ಆಗಾಗ ಹೊರಬರುತ್ತದೆ. ಐಫೋನಿನಿಂದ ಬಂದ ಚಿತ್ರವಾದರೆ `.heic` ಇರಬಹುದು. ಅದನ್ನು ಚಿತ್ರ ತೋರಿಸುವ ಪ್ರೋಗ್ರಾಮಿನಲ್ಲಿ ತೆರೆದು ಜೆಪೆಗ್ ಆಗಿ ಉಳಿಸಿ. ಮುಂದೆ ತೆಗೆಯುವ ಚಿತ್ರಗಳಿಗೆ ಆ ಫೋನಿನ Settings ಒಳಗೆ Camera, Formats, Most Compatible ಆರಿಸಿದರೆ ಸಾಕು.

ಆಮೇಲೆ ಒಳಗೆ ಏನಿದೆ ನೋಡಿ. ವಿಂಡೋಸಿನಲ್ಲಿ ಫೈಲ್ ಇರುವ ಫೋಲ್ಡರಿನಲ್ಲಿ, ಆಜ್ಞೆ ಟೈಪ್ ಮಾಡುವ ಪವರ್‌ಶೆಲ್ ಕಿಟಕಿ ತೆರೆದು ಹೀಗೆ ಕೊಡಿ:

```
Get-Content scan.pdf -TotalCount 1
```

ಮ್ಯಾಕ್ ಅಥವಾ ಲಿನಕ್ಸಿನಲ್ಲಿ ಇನ್ನೂ ಸುಲಭ, ಬಗೆಯನ್ನು ಅದೇ ಹೇಳುತ್ತದೆ:

```
file scan.pdf
```

ಪಿಡಿಎಫ್ ಆಗಿದ್ದರೆ ಮೊದಲ ಸಾಲು `%PDF-1.4`, `%PDF-1.7` ಹೀಗೆ ಶುರುವಾಗುತ್ತದೆ. `PK` ಅಂತ ಶುರುವಾದರೆ ಅದು ಜಿಪ್. ವರ್ಡಿನ `.docx` ಫೈಲುಗಳೂ ಒಳಗೆ ಜಿಪ್ ಆದ್ದರಿಂದ ಅವೂ ಹೀಗೇ ಶುರುವಾಗುತ್ತವೆ. ಜೆಪೆಗ್ ಆದರೆ ಓದಲಾಗದ ಗುರುತುಗಳ ನಡುವೆ `JFIF` ಅಥವಾ `Exif` ಕಾಣಿಸುತ್ತದೆ.

`<!DOCTYPE html>` ಅಂತ ಶುರುವಾಗಿದ್ದರೆ ಅದು ದಾಖಲೆಯೇ ಅಲ್ಲ. ನೀವು ಯಾವುದೋ ಸೈಟಿನಿಂದ ಪ್ರಮಾಣಪತ್ರ ಇಳಿಸಿಕೊಂಡಾಗ ಅಲ್ಲಿ ಲಾಗಿನ್ ಅವಧಿ ಮುಗಿದಿತ್ತು, ಪ್ರಮಾಣಪತ್ರದ ಬದಲು ಲಾಗಿನ್ ಪುಟವೇ `.pdf` ಹೆಸರಿನಲ್ಲಿ ಇಳಿದುಬಂತು. ಗಾತ್ರ ಕೆಲವೇ ಕೆಬಿ ಇದ್ದಾಗ ಇದನ್ನು ಮೊದಲು ಅನುಮಾನಿಸಿ. ಇದನ್ನು ರಿಪೇರಿ ಮಾಡಲು ಏನೂ ಇಲ್ಲ, ಲಾಗಿನ್ ಆಗಿ ಹೊಸದಾಗಿ ಇಳಿಸಿಕೊಳ್ಳಬೇಕು.

ಪಾಸ್‌ವರ್ಡ್ ಇರುವ ಪಿಡಿಎಫ್ ಇನ್ನೊಂದು ಬಗೆ. ನಿಮಗೆ ಪಾಸ್‌ವರ್ಡ್ ಗೊತ್ತು, ತೆರೆದು ನೋಡುತ್ತೀರಿ, ಸರಿ ಇದೆ ಅನಿಸುತ್ತದೆ. ಸರ್ವರಿಗೆ ಪಾಸ್‌ವರ್ಡ್ ಗೊತ್ತಿಲ್ಲ, ಪುಟ ಎಣಿಸಲೂ ಆಗದೆ ಬಿಟ್ಟುಬಿಡುತ್ತದೆ. ತೆರೆಯುವಾಗ ಪಾಸ್‌ವರ್ಡ್ ಕೇಳುವ ಫೈಲನ್ನು, ಕೊಟ್ಟವರಿಂದಲೇ ಪಾಸ್‌ವರ್ಡ್ ಇಲ್ಲದ ಪ್ರತಿ ಕೇಳಿ ಪಡೆಯುವುದು ನೆಟ್ಟಗಿನ ದಾರಿ.

## "ನನ್ನ ಕಂಪ್ಯೂಟರಿನಲ್ಲಿ ಚೆನ್ನಾಗಿ ತೆರೆಯುತ್ತೆ"

ಗಾತ್ರ ಸರಿ, ಬಗೆ ಸರಿ, ಆದರೂ ಹೋಗುತ್ತಿಲ್ಲ, ಅಥವಾ ಹೋದ ಮೇಲೆ "ದಾಖಲೆ ಓದಲಾಗಲಿಲ್ಲ" ಅಂತ ಎರಡು ದಿನ ಬಿಟ್ಟು ಸುದ್ದಿ ಬರುತ್ತದೆ. ಆಗ ಫೈಲ್ ಕೆಟ್ಟಿದೆಯೇ ನೋಡಬೇಕು. ತೆರೆಯುತ್ತದೆ ಅನ್ನುವುದು ಇಲ್ಲಿ ಸಾಕ್ಷಿಯಲ್ಲ.

ಪಿಡಿಎಫ್‌ನಲ್ಲಿ ಯಾವ ಪುಟ, ಯಾವ ಚಿತ್ರ ಎಲ್ಲಿದೆ ಅಂತ ಹೇಳುವ ಪಟ್ಟಿಯೊಂದು ಇರುತ್ತದೆ, ಅದನ್ನು ಹುಡುಕುವ ದಾರಿ ಫೈಲಿನ ಕೊನೆಯಲ್ಲಿರುತ್ತದೆ. ಪೆನ್‌ಡ್ರೈವನ್ನು ಬೇಗ ಕಿತ್ತರೆ, ಡೌನ್‌ಲೋಡ್ ನಡುವೆ ನೆಟ್ ಹೋದರೆ ಮೊದಲು ಕಳೆದುಹೋಗುವುದು ಈ ಕೊನೆಯೇ. ನಿಮ್ಮ ಪಿಡಿಎಫ್ ಓದುವ ಪ್ರೋಗ್ರಾಮ್ ಉದಾರಿ. ಪಟ್ಟಿ ಇಲ್ಲದಿದ್ದರೆ ಇಡೀ ಫೈಲನ್ನು ಜಾಲಾಡಿ ತಾನೇ ಪಟ್ಟಿ ಕಟ್ಟಿಕೊಂಡು ತೋರಿಸುತ್ತದೆ, ನಿಮಗೆ ಹೇಳುವುದೂ ಇಲ್ಲ. ಸರ್ವರಿನ ಪ್ರೋಗ್ರಾಮ್ ಅಷ್ಟು ಉದಾರಿಯಾಗಿರಬೇಕಿಲ್ಲ. ಒಂದು ಸುಳಿವು ಇದೆ. ಅಕ್ರೋಬ್ಯಾಟ್‌ನಲ್ಲಿ ಸುಮ್ನೆ ತೆರೆದು ಏನೂ ಮಾಡದೆ ಮುಚ್ಚುವಾಗ "ಬದಲಾವಣೆ ಉಳಿಸಬೇಕಾ" ಅಂತ ಕೇಳಿದರೆ, ಅದು ತೆರೆಯುವಾಗ ಒಳಗೊಳಗೇ ರಿಪೇರಿ ಮಾಡಿರಬಹುದು.

ಆದ್ದರಿಂದ ಮೊದಲು ಕೊನೆಯ ಪುಟದ ತನಕ ಹೋಗಿ ನೋಡಿ, ಪುಟಗಳನ್ನು ಎಣಿಸಿ. ಆಮೇಲೆ ಫೈಲಿನ ಬಾಲ ನೋಡಿ:

```
Get-Content scan.pdf -Tail 3
```

ಮ್ಯಾಕ್, ಲಿನಕ್ಸಿನಲ್ಲಿ `tail -n 3 scan.pdf`. ಸರಿ ಇರುವ ಫೈಲಿನಲ್ಲಿ ಹೀಗೆ ಕಾಣುತ್ತದೆ:

```
startxref
711602
%%EOF
```

ನಡುವಿನ ಸಂಖ್ಯೆ ಪಟ್ಟಿ ಎಷ್ಟನೇ ಬೈಟಿನಲ್ಲಿ ಶುರುವಾಗುತ್ತದೆ ಅನ್ನುವುದು, ಅದು ಫೈಲಿನ ಒಟ್ಟು ಗಾತ್ರಕ್ಕಿಂತ ಕಡಿಮೆ ಇರಬೇಕು. `%%EOF` ಕಾಣದೆ ಬರೀ ಗೊಂದಲದ ಗುರುತುಗಳಿದ್ದರೆ ಫೈಲ್ ಅರ್ಧಕ್ಕೆ ತುಂಡಾಗಿದೆ. ಖಾಲಿ ಖಾಲಿ ಬಂದರೆ, ಕರೆಂಟ್ ಹೋದಾಗ ಉಳಿಸುತ್ತಿದ್ದ ಫೈಲ್ ಇರಬಹುದು, ಗಾತ್ರ ಸರಿಯಿದ್ದರೂ ಒಳಗೆ ಬರೀ ಸೊನ್ನೆ ತುಂಬಿರುತ್ತದೆ.

ಜೆಪೆಗ್ ಚಿತ್ರದಲ್ಲಿ ಕಣ್ಣಿಗೇ ಕಾಣುತ್ತದೆ. ಮೇಲಿನ ಅರ್ಧ ಸರಿ, ಕೆಳಗಿನದ್ದು ಬೂದು ಬಣ್ಣ. ಆದರೆ ಫೋಲ್ಡರಿನಲ್ಲಿ ಕಾಣುವ ಪುಟ್ಟ ಚಿತ್ರ ನೋಡಿ ನಂಬಬೇಡಿ. ಕ್ಯಾಮೆರಾದ ಚಿತ್ರಗಳಲ್ಲಿ ಆ ಪುಟ್ಟ ಚಿತ್ರ ಫೈಲಿನ ಆರಂಭದಲ್ಲೇ ಬೇರೆಯಾಗಿ ಇರುವುದರಿಂದ, ಕೊನೆ ತುಂಡಾದರೂ ಅದು ಪೂರ್ತಿ ಕಾಣುತ್ತದೆ. ತೆರೆದು ದೊಡ್ಡದಾಗಿ ನೋಡಿ.

ಕ್ಲೌಡ್ ಫೋಲ್ಡರಿನಲ್ಲಿರುವ ಫೈಲಾದರೆ ಇನ್ನೊಂದು ಅಂಶ ನೋಡಿ. ಹೆಸರಿನ ಪಕ್ಕ ಮೋಡದ ಗುರುತು ಇದ್ದರೆ ನಿಮ್ಮ ಕಂಪ್ಯೂಟರಿನಲ್ಲಿ ಇರುವುದು ಹೆಸರು ಮಾತ್ರ, ಒಳಗಿನದ್ದು ಇನ್ನೂ ಇಳಿದಿಲ್ಲ. ಒಮ್ಮೆ ತೆರೆದು, ಮಾಮೂಲಿ ಫೋಲ್ಡರಿಗೆ ನಕಲು ಮಾಡಿ, ಅಲ್ಲಿಂದ ಆರಿಸಿ.

ಮೂಲ ಎಲ್ಲಿದೆಯೋ ಅಲ್ಲಿಂದ ಮತ್ತೆ ನಕಲು ಮಾಡುವುದೇ ಕೆಟ್ಟ ಫೈಲಿಗೆ ಮೊದಲ ಮದ್ದು. ಮೂಲ ಇಲ್ಲದಿದ್ದರೆ ಮಾತ್ರ ರಿಪೇರಿಗೆ ಇಳಿಯಿರಿ. ಕ್ಯುಪಿಡಿಎಫ್ ಅನ್ನುವ ಉಚಿತ ಪ್ರೋಗ್ರಾಮ್ ಇದ್ದರೆ:

```
qpdf --check scan.pdf
qpdf scan.pdf fixed.pdf
```

ಮೊದಲನೆಯದು ತಪ್ಪುಗಳನ್ನು ಹೇಳುತ್ತದೆ, ಎರಡನೆಯದು ಪಟ್ಟಿಯನ್ನು ಹೊಸದಾಗಿ ಕಟ್ಟಿ ಬೇರೆ ಫೈಲ್ ಮಾಡುತ್ತದೆ. ತುಂಡಾಗಿ ಹೋದ ಪುಟ ಇದರಿಂದ ವಾಪಸ್ ಬರುವುದಿಲ್ಲ, ಹಾಗಾಗಿ ರಿಪೇರಿ ಆದದ್ದನ್ನು ಪುಟ ಪುಟವೂ ನೋಡಿಯೇ ಕಳಿಸಿ.

## 100% ತೋರಿಸಿ ಅಲ್ಲೇ ನಿಂತಿದೆ

100% ಅಂದರೆ ನಿಮ್ಮ ಬ್ರೌಸರ್ ಎಲ್ಲ ಬೈಟುಗಳನ್ನೂ ಹೊರಗೆ ತಳ್ಳಿದೆ ಅಂತ. ಒಳಗಿನವರು ತೆಗೆದುಕೊಂಡರು ಅಂತಲ್ಲ. ಅದಾದ ಮೇಲೆ ಅಲ್ಲಿ ವೈರಸ್ ತಪಾಸಣೆ, ಉಳಿಸುವ ಕೆಲಸ ನಡೆಯುತ್ತಿರಬಹುದು. ಐದು ನಿಮಿಷ ಬಿಡಿ, ಪುಟ ಮುಚ್ಚಬೇಡಿ, ಹಿಂದಕ್ಕೆ ಹೋಗಬೇಡಿ. ಆಮೇಲೂ ಅಲುಗಾಡದಿದ್ದರೆ ಇನ್ನೊಂದು ಟ್ಯಾಬಿನಲ್ಲಿ ಅದೇ ಅರ್ಜಿ ತೆರೆದು ಫೈಲ್ ಕೂತಿದೆಯೇ ನೋಡಿ. ಎಷ್ಟೋ ಸಲ ಫೈಲ್ ತಲುಪಿರುತ್ತದೆ, ತಲುಪಿತು ಅನ್ನುವ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿರುತ್ತದೆ. ನೋಡದೆ ಮತ್ತೆ ಹಾಕಿದರೆ ಎರಡು ಪ್ರತಿ ಆಗುತ್ತವೆ.

## ಎಲ್ಲ ನೋಡಿಯಾಯಿತು, ಇನ್ನೂ ಮೌನ

ಈಗ ಬಾಗಿಲು ಏನು ಉತ್ತರ ಕೊಟ್ಟಿತು ಅಂತ ನಾವೇ ಓದೋಣ. ಕಂಪ್ಯೂಟರಿನ ಬ್ರೌಸರಿನಲ್ಲಿ ಅಪ್‌ಲೋಡ್ ಪುಟ ತೆರೆದು F12 ಒತ್ತಿ, Network ಅನ್ನುವ ಟ್ಯಾಬಿಗೆ ಹೋಗಿ, Preserve log ಗುರುತು ಹಾಕಿ. ಆಮೇಲೆ ಒಂದೇ ಒಂದು ಸಲ ಅಪ್‌ಲೋಡ್ ಮಾಡಿ. ಪಟ್ಟಿಯಲ್ಲಿ ಬರುವ ಸಾಲುಗಳಲ್ಲಿ ಕೆಂಪಾಗಿರುವುದನ್ನು, ಕೆಂಪು ಯಾವುದೂ ಇಲ್ಲದಿದ್ದರೆ ಬಟನ್ ಒತ್ತಿದಾಗ ಬಂದ ಸಾಲನ್ನು ಹುಡುಕಿ, Status ಕೆಳಗಿನ ಸಂಖ್ಯೆ ನೋಡಿ.

413 ಅಂದರೆ ಫೈಲ್ ದೊಡ್ಡದು, ಬಾಗಿಲಲ್ಲೇ ತಡೆದಿದ್ದಾರೆ. 415 ಅಂದರೆ ಈ ಬಗೆ ಬೇಡ. 401 ಅಥವಾ 403 ಆದರೆ ಲಾಗಿನ್ ಅಥವಾ ಅನುಮತಿಯ ತೊಂದರೆ. 302 ಬಂದು ಅದರ ಹಿಂದೆಯೇ ಲಾಗಿನ್ ಪುಟ ಬಂದರೂ ಅದೇ ಅರ್ಥ. 500, 502, 504 ಬಂದರೆ ತೊಂದರೆ ಅವರ ಕಡೆ, ನಿಮ್ಮ ಫೈಲನ್ನು ಇನ್ನು ತಿದ್ದುವುದು ನಿಲ್ಲಿಸಬಹುದು. ಸಂಖ್ಯೆಯ ಬದಲು `(failed)` ಅಂತ ಇದ್ದರೆ ಸಂಪರ್ಕ ನಡುವೆ ಕಡಿದಿದೆ. ಬೇರೆ ನೆಟ್‌ವರ್ಕಿನಲ್ಲಿ ಒಮ್ಮೆ ನೋಡಿ. 200 ಬಂದಿದ್ದರೂ ಗೆದ್ದೆವು ಅಂದುಕೊಳ್ಳಬೇಡಿ. ಆ ಸಾಲಿನ ಮೇಲೆ ಒತ್ತಿ Response ನೋಡಿ, ಕೆಲವು ಸೈಟುಗಳು 200 ಕೊಟ್ಟು ಒಳಗೆ `error` ಅಂತ ಬರೆದಿರುತ್ತವೆ. ಪುಟ ನಿಮಗೆ ಓದಿ ಹೇಳಬೇಕಿದ್ದ ವಾಕ್ಯ ಅಲ್ಲಿ ಪೂರ್ತಿ ಇರುತ್ತದೆ.

ಅಲ್ಲಿಂದಲೇ ದಾಖಲೆ ಉಳಿಸಿ ಕಳಿಸಿ ಅಂತ ಯಾರಾದರೂ ಕೇಳಿದರೆ ಹುಷಾರು. `.har` ಅನ್ನುವ ಆ ಫೈಲಿನಲ್ಲಿ ನಿಮ್ಮ ಲಾಗಿನ್ ಕುಕಿಗಳೂ ನೀವು ಕಳಿಸಿದ ವಿವರಗಳೂ ಸೇರಿರಬಹುದು. ಸ್ಕ್ರೀನ್‌ಶಾಟ್ ಸಾಕು.

## ಎಲ್ಲಿ ನಿಲ್ಲಿಸಬೇಕು, ಹೋಯಿತು ಅಂತ ಹೇಗೆ ಖಚಿತ

ಪುಟ್ಟ ಪರೀಕ್ಷೆಯ ಫೈಲೂ ಎರಡು ಬ್ರೌಸರಿನಲ್ಲಿ, ಎರಡು ನೆಟ್‌ವರ್ಕಿನಲ್ಲಿ ಹೋಗದಿದ್ದರೆ, ಅಥವಾ 500ರ ಸಾಲಿನ ಸಂಖ್ಯೆ ಮತ್ತೆ ಮತ್ತೆ ಬಂದರೆ, ಅಲ್ಲಿಗೆ ನಿಲ್ಲಿಸಿ. ಪದೇ ಪದೇ ಒತ್ತಿದರೆ ಕೆಲವು ಕಡೆ ಖಾತೆಯನ್ನೇ ತಾತ್ಕಾಲಿಕವಾಗಿ ತಡೆಯುತ್ತಾರೆ. ಸೈಟಿನ ಸಹಾಯದವರಿಗೆ ಬರೆಯುವಾಗ "ಅಪ್‌ಲೋಡ್ ಆಗ್ತಿಲ್ಲ" ಅಂದರೆ ಅವರೂ "ಮತ್ತೆ ಪ್ರಯತ್ನಿಸಿ" ಅನ್ನುತ್ತಾರೆ. ಬದಲಿಗೆ ಫೈಲಿನ ಬಗೆ, ಬೈಟಿನಲ್ಲಿ ಗಾತ್ರ, ಒತ್ತಿದ ದಿನಾಂಕ ಮತ್ತು ನಿಮಿಷ, ಬ್ರೌಸರಿನ ಹೆಸರು, Status ಸಂಖ್ಯೆ ಬರೆಯಿರಿ. ನಿಮಿಷ ಕೊಟ್ಟರೆ ಅವರು ತಮ್ಮ ಲಾಗ್‌ನಲ್ಲಿ ನಿಮ್ಮ ಸಾಲನ್ನು ಹುಡುಕಬಹುದು. ಕೊನೆಯ ದಿನಾಂಕ ಹತ್ತಿರ ಇದ್ದರೆ ಸ್ಕ್ರೀನ್‌ಶಾಟ್ ಸಮೇತ ಆ ದಿನವೇ ಬರೆದುಬಿಡಿ, ಪ್ರಯತ್ನಿಸಿದ್ದಕ್ಕೆ ನಿಮ್ಮ ಹತ್ತಿರ ದಾಖಲೆ ಉಳಿಯುತ್ತದೆ.

ಹೋಯಿತು ಅಂತ ಕಂಡಾಗಲೂ ಒಂದು ಕೆಲಸ ಬಾಕಿ. ಹಾಕಿದ ಫೈಲನ್ನು ಅದೇ ಪುಟದಿಂದ ವಾಪಸ್ ಇಳಿಸಿಕೊಂಡು ಬೈಟ್ ಹೋಲಿಸಿ. ಇನ್ನೂ ಖಚಿತ ಬೇಕಾದರೆ ಎರಡರ ಹ್ಯಾಶ್, ಅಂದರೆ ಫೈಲಿನ ಬೆರಳಚ್ಚಿನಂಥ ಗುರುತು, ತೆಗೆಯಿರಿ, ವಿಂಡೋಸಿನಲ್ಲಿ `Get-FileHash scan.pdf`, ಮ್ಯಾಕ್‌ನಲ್ಲಿ `shasum -a 256 scan.pdf`. ಉದ್ದನೆಯ ಆ ಸಾಲು ಎರಡಕ್ಕೂ ಒಂದೇ ಇದ್ದರೆ ಒಂದು ಬೈಟೂ ಬದಲಾಗಿಲ್ಲ. ಬೇರೆ ಬಂದರೆ ಗಾಬರಿ ಬೇಡ, ಕೆಲವು ಸೈಟುಗಳು ತಾವೇ ಮುದ್ರೆ ಹಾಕಿಯೋ ಕುಗ್ಗಿಸಿಯೋ ಇಡುತ್ತವೆ. ಆಗ ತೆರೆದು ಎಲ್ಲ ಪುಟ ಓದಲು ಬರುತ್ತದೆಯೇ ನೋಡಿ. ಅಕ್ಕನ ಮಗಳು ವಾಪಸ್ ಇಳಿಸಿಕೊಂಡಾಗ 7,12,340 ಬೈಟೇ ಬಂತು, ನಾಲ್ಕು ಪುಟವೂ ಇದ್ದವು. ಅದಾದ ಮೇಲೆಯೇ ಅವಳು ಕೊನೆಯ ಬಟನ್ ಒತ್ತಿದ್ದು.